ಪೋರ್ಟ್‌ಫೋಲಿಯೊದಲ್ಲಿ ಕೈಬಿಟ್ಟ ಕರಡಿಗೂ ಜಾಗವಿರಲಿ

ಪುಸ್ತಕದ ಪುಟವಿನ್ಯಾಸ, ಜಾಹೀರಾತು, ಪ್ರಕಾಶನ ಮುಂತಾದ ಕೆಲಸಗಳಿಗೆ ಅರ್ಜಿ ಹಾಕುವ ನಮ್ಮ ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ತಮ್ಮ ಪೋರ್ಟ್‌ಫೋಲಿಯೊದಲ್ಲಿ ಕನ್ನಡದ ಕೆಲಸವನ್ನು ಕೊನೆಯ ಪುಟಕ್ಕೆ ತಳ್ಳುತ್ತಾರೆ. ಮೊದಲ ಪುಟಗಳಲ್ಲಿ ಇಲ್ಲದ ಕಂಪನಿಗಳಿಗೆ ಇಂಗ್ಲಿಷಿನಲ್ಲಿ ಬರೆದ ಲಾಂಛನಗಳಿರುತ್ತವೆ. ಸಂದರ್ಶನದಲ್ಲಿ ‘ಹೀಗೇಕೆ ಮಾಡಿದಿರಿ?’ ಎಂದು ಕೇಳಿದರೆ ಆ ಲಾಂಛನಗಳ ಬಗ್ಗೆ ಹೇಳಲು ಏನೂ ಇರುವುದಿಲ್ಲ. ಅವನ್ನು ಕೇಳಿದವರಿಲ್ಲ, ಓದಿದವರಿಲ್ಲ, ಒಪ್ಪದೆ ತಿದ್ದಿಸಿದವರೂ ಇಲ್ಲ.

ಎಡನೀರಿನ ಪರಿಸರದಲ್ಲಿ ಬೆಳೆದವರಿಗೆ ತಾಳಮದ್ದಳೆ ಹೊಸದಲ್ಲ. ನಮ್ಮ ವಿದ್ಯಾರ್ಥಿನಿಯೊಬ್ಬಳು ಊರಿನ ಒಂದು ಕೂಟಕ್ಕಾಗಿ ‘ಕೃಷ್ಣಾರ್ಜುನ ಕಾಳಗ’ ಪ್ರಸಂಗದ ಕರಪತ್ರವನ್ನು ಸಿದ್ಧಪಡಿಸಿದ್ದಳು. ಅದನ್ನು ಪೋರ್ಟ್‌ಫೋಲಿಯೊದಲ್ಲಿ ಇರಿಸಿಕೊಂಡು ಸಂದರ್ಶನಕ್ಕೆ ಹೋದಳು. ಕನ್ನಡ ಓದಲು ಬಾರದ ಸಂದರ್ಶಕರು ಕೇಳಿದರು: ‘ಕಲಾವಿದರ ಹೆಸರುಗಳೆಲ್ಲ ಒಂದೇ ಗಾತ್ರದಲ್ಲಿವೆಯಲ್ಲ, ಮುಖ್ಯರು ಯಾರೆಂದು ಹೇಗೆ ತಿಳಿಯಬೇಕು?’ ಅವಳು ‘ಸಂಘಟಕರು ಹಾಗೆ ಹೇಳಿದರು’ ಎಂದಳು. ಮಾತು ಅಲ್ಲಿಗೇ ನಿಂತಿತು.

ನನ್ನ ದೃಷ್ಟಿಯಲ್ಲಿ ಆ ಕರಪತ್ರದ ಅತ್ಯಂತ ಒಳ್ಳೆಯ ನಿರ್ಧಾರವೇ ಅದು. ಮೊದಲ ಕರಡಿನಲ್ಲಿ ಅವಳು ಪ್ರಸಿದ್ಧ ಅರ್ಥಧಾರಿಯೊಬ್ಬರ ಹೆಸರನ್ನು ದೊಡ್ಡದಾಗಿ ಹಾಕಿದ್ದಳು. ಕೂಟದ ಹಿರಿಯರು ಒಪ್ಪಲಿಲ್ಲ. ಆಗ ಅವಳು ಗಾತ್ರವನ್ನು ಸಮಗೊಳಿಸಿ, ಭೇದವನ್ನು ಸ್ಥಾನದಿಂದ ತೋರಿಸಿದಳು. ಭಾಗವತರ ಹೆಸರು ಮೊದಲು, ಅನಂತರ ಚೆಂಡೆ ಮದ್ದಳೆಯವರು, ಒಂದು ಸಾಲಿನಷ್ಟು ಬಿಡುವಿನ ಬಳಿಕ ಅರ್ಥಧಾರಿಗಳು. ಹಿಮ್ಮೇಳ ಮುಮ್ಮೇಳಗಳ ವ್ಯವಸ್ಥೆಯನ್ನು ಬಲ್ಲ ಓದುಗನಿಗೆ ಅಷ್ಟು ಸಾಕು. ದೊಡ್ಡ ಅಕ್ಷರ ಬೇಕಾದದ್ದು ದಿನಾಂಕಕ್ಕೂ ಸ್ಥಳಕ್ಕೂ ಮಾತ್ರ, ಏಕೆಂದರೆ ಬಸ್ ತಂಗುದಾಣದ ಗೋಡೆಯ ಮುಂದೆ ನಿಲ್ಲುವವನು ಮೊದಲು ಹುಡುಕುವುದು ಅವನ್ನೇ. ಇಷ್ಟನ್ನು ಹೇಳಿದ್ದರೆ ಸಂದರ್ಶಕರಿಗೆ ಅವಳ ವಿವೇಚನೆ ಕಾಣುತ್ತಿತ್ತು. ‘ಅವರು ಹೇಳಿದರು’ ಎಂಬ ಉತ್ತರದಲ್ಲಿ ನಿರ್ಧಾರ ಬೇರೆಯವರದಾಗಿಬಿಟ್ಟಿತು.

ತಾಳಮದ್ದಳೆಯಲ್ಲಿ ಪದ್ಯವನ್ನು ಭಾಗವತರು ಹಾಡಿ ಮುಗಿಸುತ್ತಾರೆ. ಪಾತ್ರ ಹಾಗೇಕೆ ನಡೆದುಕೊಂಡಿತೆಂಬುದನ್ನು ಎದುರಾಳಿಯ ಪ್ರಶ್ನೆಗಳ ನಡುವೆ ನಿಲ್ಲಿಸಿ ತೋರಿಸಬೇಕಾದವನು ಅರ್ಥಧಾರಿ. ಸಂದರ್ಶನದಲ್ಲಿ ಕರಪತ್ರವೇ ಪದ್ಯ. (ಅರ್ಥ ಉದ್ದವಾದರೆ ಸಭೆ ಎದ್ದು ಹೋಗುವುದು ಇಲ್ಲಿಯೂ ಉಂಟು, ಒಂದು ಕೃತಿಗೆ ಐದಾರು ನಿಮಿಷ ಸಾಕು.)

ಅದೇ ಕರಪತ್ರದಲ್ಲಿ ಇನ್ನೊಂದು ನಿರ್ಧಾರವಿತ್ತು; ಅದನ್ನು ಅವಳು ಹೇಳಲೇ ಇಲ್ಲ. ಶೀರ್ಷಿಕೆ ಎರಡು ಸಾಲಿನದು, ಅಕ್ಷರದ ಗಾತ್ರ 60 ಪಾಯಿಂಟ್. ಪುಟವಿನ್ಯಾಸದ ತಂತ್ರಾಂಶ ತಾನಾಗಿ ಕೊಟ್ಟ ಸಾಲಂತರ 72 ಪಾಯಿಂಟ್, ಅಂದರೆ ಗಾತ್ರದ ಶೇ. 120. ರೋಮನ್ ಲಿಪಿಗೆ ಅದು ಹೊಂದುತ್ತದೆ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ‘ಕೃಷ್ಣಾರ್ಜುನ’ದ ಣಕಾರದ ಒತ್ತು ಕೆಳಗಿನ ‘ಕಾಳಗ’ದ ತಲೆಕಟ್ಟಿಗೆ ತಾಗುವಂತಿತ್ತು. ಅವಳು ಸಾಲಂತರವನ್ನು 84ಕ್ಕೆ ಏರಿಸಿದಳು. ಜಾಗ ಸಾಲದೆ ಬಂದಾಗ ಅಂಚಿನ ಚಿತ್ತಾರವನ್ನು ತೆಗೆದಳೇ ಹೊರತು ಸಾಲುಗಳನ್ನು ಒತ್ತಲಿಲ್ಲ. ಕನ್ನಡ ಓದದವರಿಗೂ ಇದನ್ನು ಮನಗಾಣಿಸಬಹುದು: 72ರ ಕರಡನ್ನೂ 84ರ ಕರಡನ್ನೂ ಪಕ್ಕಪಕ್ಕದಲ್ಲಿಟ್ಟು, ಒತ್ತು ತಾಗುವಲ್ಲಿ ಒಂದು ವೃತ್ತ ಎಳೆದರೆ ಆಯಿತು.

ಆದರೆ 72ರ ಕರಡು ಅವಳ ಬಳಿ ಉಳಿದಿರಲಿಲ್ಲ. ಪ್ರತಿ ಬಾರಿಯೂ ಹಳೆಯ ಕಡತದ ಮೇಲೆಯೇ ಉಳಿಸಿದ್ದಳು. ನಮ್ಮವರ ಪೋರ್ಟ್‌ಫೋಲಿಯೊ ದುರ್ಬಲವಾಗುವುದಕ್ಕೆ ಪ್ರತಿಭೆಯ ಕೊರತೆಗಿಂತ ಈ ಅಭ್ಯಾಸವೇ ಹೆಚ್ಚು ಕಾರಣವೆಂದು ನನಗನಿಸುತ್ತದೆ. ಕರಡುಗಳನ್ನು ದಿನಾಂಕ ಸಹಿತ ಬೇರೆ ಬೇರೆ ಹೆಸರಿನಲ್ಲಿ ಉಳಿಸಬೇಕು. ಯಾರು ಏನು ಆಕ್ಷೇಪಿಸಿದರು ಎಂಬುದನ್ನು ಆಗಲೇ ಒಂದು ಸಾಲು ಬರೆದಿಡಬೇಕು. ಹೀಗೆ ಬೆಳೆದ ಮೂರು ಕೃತಿಗಳಿದ್ದರೆ ಸಾಕು. ಹನ್ನೆರಡಾದರೂ ಇರಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅಷ್ಟಕ್ಕೂ ಕಾರಣ ಹೇಳಲು ಅರ್ಧ ಗಂಟೆಯ ಸಂದರ್ಶನದಲ್ಲಿ ಸಮಯವಿಲ್ಲ.

ಹೇಳುವಾಗ ಒಂದು ಎಚ್ಚರಿಕೆ ಬೇಕು. ‘ನನ್ನ ಕರಪತ್ರದಿಂದ ಜನ ಹೆಚ್ಚು ಬಂದರು’ ಎನ್ನಬೇಡಿ. ಜನ ಬಂದದ್ದು ಅರ್ಥಧಾರಿಗಳಿಗಾಗಿಯೂ ಇರಬಹುದು, ಮಳೆ ಬಿಟ್ಟಿದ್ದಕ್ಕೂ ಇರಬಹುದು. ‘ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ದೂರದಿಂದ ಅಜ್ಜನಿಂದ ಓದಿಸಿದೆ, ಸ್ಥಳದ ಹೆಸರನ್ನು ಓದಿದರು, ಸಮಯವನ್ನು ಓದಲಾಗಲಿಲ್ಲ’ ಎಂದರೆ ಅದು ನೀವು ನಿಜವಾಗಿ ಕಂಡದ್ದು. ಸಮಯವನ್ನು ಈಗ ಮಾಡಿದ್ದರೆ ಎಷ್ಟು ದೊಡ್ಡದಾಗಿ ಹಾಕುತ್ತಿದ್ದಿರಿ ಎಂಬುದೇ ಬಹುಶಃ ಅವರ ಮುಂದಿನ ಪ್ರಶ್ನೆ.

ಆ ವಿದ್ಯಾರ್ಥಿನಿ 72ರ ಕರಡನ್ನು ಮತ್ತೆ ರಚಿಸಿದ್ದಾಳೆ, ಕೆಳಗೆ ‘ವಿವರಣೆಗಾಗಿ ಪುನಃ ರಚಿಸಿದ್ದು’ ಎಂದು ಬರೆದಿದ್ದಾಳೆ. ಹಿರಿಯರು ಒಪ್ಪದ ಮೊದಲ ಕರಡು ಮಾತ್ರ ಅವರಲ್ಲೊಬ್ಬರ ಮೊಬೈಲಿನಲ್ಲಿ ಇನ್ನೂ ಇತ್ತು.