ಮುಖ ಒಂದು ಬಣ್ಣ, ಕೈ ಇನ್ನೊಂದು ಬಣ್ಣ

ಜಗಳೂರಲ್ಲಿರೋ ನಮ್ಮಕ್ಕನ ಮಗಳು ಒಂದು ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದಿದ್ದಳು. "ಮಾಮ, ಪೋಸ್ಟ್ ಮಾಡೋಕೆ ಮುಂಚೆ ಒಂದ್ಸಲ ಓದು" ಅಂತ ತಂದುಕೊಟ್ಟಳು.

ಮುಖಪುಟದ ಹುಡುಗಿಯ ಫೋಟೊ ಎಡಿಟ್ ಮಾಡಿದ್ದು ಅನ್ನೋದು ಅವಳ ತಕರಾರು. ಕಂಡುಹಿಡಿದದ್ದು ಹೇಗೆ ಅಂತಲೂ ಬರೆದಿದ್ದಳು. ಮುಖ ಬೆಳ್ಳಗಿದೆ, ಬೆರಳಿನ ಗೆಣ್ಣು ಕಪ್ಪಗೇ ಉಳಿದಿದೆ. ಕೆನ್ನೆ ಮೇಣ ಸವರಿದಂಗಿದೆ, ಚರ್ಮದ ಒಂದು ಗೆರೆಯೂ ಇಲ್ಲ. ಮುಖದ ಜೊತೆ ಕಿವಿಯ ಓಲೆಯೂ ಬಿಳಿಚಿಕೊಂಡಿದೆ. ಸೊಂಟದ ಪಕ್ಕದ ಬಾಗಿಲ ಚೌಕಟ್ಟು ಒಳಕ್ಕೆ ಬಾಗಿದೆ. ಸೊಂಟ ಸಣ್ಣ ಮಾಡೋಕೆ ಎಳೆದಾಗ ಚೌಕಟ್ಟೂ ಜೊತೆಗೇ ಬಂದಿದೆ!

ಕೊನೆಗೆ, "ಇಂಥ ಫೋಟೊ ಹಾಕಬೇಡಿ" ಅಂತ ಮುಗಿಸಿದ್ದಳು. ಅಷ್ಟು ಸಾಲದು ಕಣಮ್ಮ ಅಂದೆ. ಯಾಕೆ ಅಂದ್ರೆ:

2012ರಲ್ಲಿ ಅಮೆರಿಕದ ಜೂಲಿಯಾ ಬ್ಲೂಮ್ ಅನ್ನೋ 14 ವರ್ಷದ ಹುಡುಗಿ 'ಸೆವೆಂಟೀನ್' ಪತ್ರಿಕೆಗೆ ಕೇಳಿದ್ದು ಒಂದೇ. ತಿಂಗಳಿಗೊಮ್ಮೆಯಾದರೂ ತಿದ್ದದೇ ಇರೋ ಫೋಟೊ ಪುಟ ಕೊಡಿ ಅಂತ. 80 ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಹುಡುಗಿಯರ ಮೈ, ಮುಖದ ಆಕಾರ ಬದಲಿಸೋದಿಲ್ಲ ಅಂತ ಪತ್ರಿಕೆ ಆಗಸ್ಟ್ ಸಂಚಿಕೆಯಲ್ಲಿ ಮಾತು ಕೊಟ್ಟಿತು. ಗಮನಿಸಿ, ಆಕಾರ. ಫ್ರಾನ್ಸಿನಲ್ಲಿ 2017ರ ಅಕ್ಟೋಬರ್ 1ರಿಂದ, ಜಾಹೀರಾತಿನ ಮಾಡೆಲ್ ಮೈಯನ್ನ ಸಣ್ಣಗೋ ದಪ್ಪಗೋ ಮಾಡಿದ್ದರೆ ಫೋಟೊ ತಿದ್ದಿದ್ದು ಅಂತ ಮುದ್ರಿಸಲೇಬೇಕು. ಅಲ್ಲೂ ಆಕಾರವೇ. ಬಣ್ಣದ ಮಾತಿಲ್ಲ.

ನಮ್ಮ ದೇಶದಲ್ಲಿ ಬಣ್ಣದ ಮಾತು ಬಂತು. ಕಪ್ಪಗಿರೋರನ್ನ ಕುರೂಪಿಗಳು, ಸೋತವರು ಅಂತ ತೋರಿಸಬಾರದು ಅಂತ 2014ರಲ್ಲಿ ಜಾಹೀರಾತು ಮಾನದಂಡ ಮಂಡಳಿ ಹೇಳಿತು. ಆದರೆ ಅದು ಜಾಹೀರಾತು ಉದ್ಯಮ ತನಗೆ ತಾನೇ ಹಾಕಿಕೊಂಡ ನಿಯಮ. ಕ್ರೀಮಿನ ಜಾಹೀರಾತಿಗೆ ಅನ್ವಯಿಸುತ್ತೆ, ಪತ್ರಿಕೆಯ ಮುಖಪುಟಕ್ಕೆ ಅಲ್ಲ. ಮುಖಪುಟ ಸಂಪಾದಕರ ಕೈಯಲ್ಲೇ ಇದೆ. ಅದಕ್ಕೇ ಅವರಿಗೇ ಬರೀಬೇಕು, ಬಣ್ಣದ ಹೆಸರೆತ್ತಿಯೇ ಬರೀಬೇಕು.

ಯಾಕಂದ್ರೆ ನಮಗೆ ಬಣ್ಣ ಅಂದ್ರೆ ಬರೀ ಬಣ್ಣ ಅಲ್ಲ. ಕಪ್ಪಗಿರೋರು ಎಲ್ಲಾ ಜಾತಿಯಲ್ಲೂ ಇದ್ದಾರೆ. ಆದ್ರೆ ನಮ್ಮ ಹುಡುಗಿ ಕಪ್ಪಗಿದ್ರೆ "ಆ ಜನಾನೇ ಹಂಗೆ" ಅಂತಾರೆ. ಬೆಳ್ಳಗಿದ್ರೆ "ನೋಡಿದ್ರೆ ಆ ಜನದೋಳು ಅನ್ಸಲ್ಲ" ಅಂತಾರೆ, ಅದನ್ನೇ ಹೊಗಳಿಕೆ ಅಂದ್ಕೊಂಡಿರ್ತಾರೆ. ಮದುವೆಗೆ ಅಂತ ಇವಳ ಫೋಟೊ ತೆಗೆಸಿದಾಗ ಸ್ಟುಡಿಯೋದವನು ಕೇಳದೇನೇ ಬೆಳ್ಳಗೆ ಮಾಡಿಕೊಟ್ಟಿದ್ದ. ನೋಡೋಕೆ ಬಂದವರು ಫೋಟೊ ನೋಡಿದರು, ಇವಳ ಮುಖ ನೋಡಿದರು, ಟೀ ಕುಡಿದು ಎದ್ದು ಹೋದರು. ಈ ಪತ್ರ ಹುಟ್ಟಿದ್ದು ಅವತ್ತೇ.

ಅವಳೇ ಕೂತು ಕೊನೆಯ ಸಾಲು ಬದಲಾಯಿಸಿದಳು: ಫೋಟೊದಲ್ಲಿ ಚರ್ಮದ ಬಣ್ಣ ಬದಲಿಸಬೇಡಿ, ಬದಲಿಸಿದ್ರೆ ಅದರ ಕೆಳಗೇ ಹಾಗಂತ ಮುದ್ರಿಸಿ.

ಪತ್ರ ಪೋಸ್ಟಲ್ಲಿ ಹೋಗಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಗೆಳೆಯರೇ, ನಿಮ್ಮ ಮನೆ ಹೆಣ್ಣುಮಕ್ಕಳ ಕೈಗೂ ಒಂದು ಪತ್ರಿಕೆ ಕೊಡಿ. ಮೊದಲು ಮುಖ ನೋಡಲಿ, ಆಮೇಲೆ ಬೆರಳು ನೋಡಲಿ. ಪತ್ರ ಅವರೇ ಬರೀತಾರೆ.

ಜೈ ಭೀಮ್.