ದುಡ್ಡು ಬರೋದಕ್ಕೆ ಪಿನ್ ಯಾಕೆ?

ನಮ್ಮ ಚಿಕ್ಕಪ್ಪ ಹಳೇ ಹೊಲಿಗೆ ಮಷೀನು ಮಾರ್ತೀನಿ ಅಂತ ಮೊಬೈಲಿನಲ್ಲಿ ಹಾಕಿದ್ದರು. ಬೆಲೆ 4,500 ರೂಪಾಯಿ. ಒಬ್ಬ ಫೋನ್ ಮಾಡಿ, ಚೌಕಾಸಿಯನ್ನೇ ಮಾಡದೆ ಒಪ್ಪಿಕೊಂಡ. ನಂಬಿಕೆ ಬರಲಿ ಅಂತ ಮೊದಲು 10 ರೂಪಾಯಿ ಕಳಿಸಿದ. ಅದು ನಿಜವಾಗಿಯೂ ಬಂತು. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, "ಸ್ಕ್ಯಾನ್ ಮಾಡಿ ಪಿನ್ ಒತ್ತಿ ಸಾರ್, ದುಡ್ಡು ನಿಮ್ಮ ಖಾತೆಗೆ ಬೀಳುತ್ತೆ" ಅಂದ. ಒತ್ತಿದರು, 4,500 ಹೋಯಿತು! "ತಪ್ಪಾಯ್ತು, ಇನ್ನೊಂದ್ಸಲ ಒತ್ತಿ, ಎರಡೂ ವಾಪಸ್ ಬರುತ್ತೆ" ಅಂದ. ಮತ್ತೆ 4,500 ಹೋಯಿತು.

ಪಿನ್ ಬೇಕಾಗೋದು ನಮ್ಮ ಹಣ ಹೊರಗೆ ಹೋಗುವಾಗ. ಬರುವ ಹಣಕ್ಕೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ. ಆ 10 ರೂಪಾಯಿ ಬಂದಾಗ ಚಿಕ್ಕಪ್ಪ ಏನನ್ನೂ ಒತ್ತಿರಲಿಲ್ಲವಲ್ಲ!

ವಿಷಯ ತಿಳಿದ ಮೇಲೆ ಮನೆಯಲ್ಲಿ ಎಲ್ಲರೂ ಬೈದರು. ಅದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಬೈತಾರೆ ಅಂತ ಹೆದರಿಯೇ ಅವರು ಎರಡು ದಿನ ಬಾಯಿ ಬಿಡಲಿಲ್ಲ. ಕೂಡಲೇ 1930ಕ್ಕೆ ಫೋನ್ ಮಾಡಿದ್ದರೆ, ಕಳ್ಳ ಹಣ ತೆಗೆಯುವ ಮೊದಲೇ ಬ್ಯಾಂಕಿನಲ್ಲಿ ತಡೆಯಬಹುದಿತ್ತೇನೋ.

ಇನ್ನೊಂದು ಮಾತು. ಪರದೆ ಮೇಲೆ 'ಪೇ' ಅಂತ ಇಂಗ್ಲಿಷಿನಲ್ಲಿತ್ತು, ಚಿಕ್ಕಪ್ಪನಿಗೆ ಇಂಗ್ಲಿಷ್ ಓದಲು ಬರಲ್ಲ. ಆ್ಯಪಿನಲ್ಲಿ ಭಾಷೆ ಬದಲಿಸಬಹುದು. ಈಗ ನಾನೇ ಕನ್ನಡ ಮಾಡಿಕೊಟ್ಟಿದ್ದೇನೆ.