ಇಪ್ಪತ್ತೊಂದರ ಮೇಲೆ ಒಂಬತ್ತು

ದಮಾಮ್‌ನಲ್ಲಿ ಏಸಿ ರಿಪೇರಿ ಮಾಡುವ ನಮ್ಮ ಓಣಿಯ ಹುಡುಗನೊಬ್ಬ ಕಂಪನಿಗೆ ಬರೆದ ರಜೆ ಅರ್ಜಿಯನ್ನು ನನ್ನ ಫೋನಿಗೆ ಕಳಿಸಿದ. ‘ಕಾಕಾ, ಇಂಗ್ಲಿಷ್ ಒಂದೀಟ ತಿದ್ದಿ ಕೊಡ್ರಿ’ ಅಂತ ಕೆಳಗೊಂದು ಸಾಲು. ತಂಗಿಯ ಲಗ್ನ ಗೊತ್ತಾಗಿದೆ, ಒಂದು ತಿಂಗಳು ನಿಪ್ಪಾಣಿಗೆ ಬರಬೇಕು. ಕಂಪನಿ ಸೇರಿ ಮೂರು ವರ್ಷ ತುಂಬಿದೆ. ಪುಟ ತುಂಬ ‘ದಯವಿಟ್ಟು’, ‘ತಮ್ಮ ದೊಡ್ಡ ಮನಸ್ಸು’, ‘ಜೀವಮಾನವಿಡೀ ಋಣಿ’. ಹುಡುಕಿದರೂ ತಾರೀಕು ಮಾತ್ರ ಒಂದೂ ಇಲ್ಲ.

ಅರ್ಜಿಯ ಕನ್ನಡದ ಮೇಲೆ ನನಗಿರುವ ಸಿಟ್ಟು ಈ ಅಂಕಣ ಓದುವವರಿಗೆ ಹೊಸದಲ್ಲ. ಆ ಕನ್ನಡ ಈಗ ಇಂಗ್ಲಿಷಿನ ವೇಷ ಹಾಕಿಕೊಂಡು ಸಮುದ್ರ ದಾಟಿದೆ. ಸಾಲಿ ಮಾಸ್ತರರಿಗೆ ‘ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಬರೆದು ಕಲಿತ ಕೈ ಹಕ್ಕಿನ ರಜೆಯನ್ನೂ ಭಿಕ್ಷೆಯಂತೆಯೇ ಕೇಳುತ್ತದೆ. ಫೋನ್ ಮಾಡಿ, ಎಷ್ಟು ದಿನ ನಿನ್ನ ಹಕ್ಕು, ಎಷ್ಟು ದಿನ ಅವರ ಮರ್ಜಿ ಎಂದು ಕೇಳಿದೆ. ‘ಇಪ್ಪತ್ತೊಂದ ದಿನ ಸೂಟಿ ಐತ್ರಿ. ಉಳಿದ ಒಂಬತ್ತ ಬಿನಪಗಾರಿ ಕೇಳಬೇಕಂತೀನಿ’ ಅಂದ. ಅವನಿಗೆ ಲೆಕ್ಕ ಗೊತ್ತಿತ್ತು, ಅರ್ಜಿಗೆ ಗೊತ್ತಿರಲಿಲ್ಲ.

ಸೌದಿ ಕಾರ್ಮಿಕ ಕಾನೂನಿನ 109ನೇ ಕಲಮಿನ ಪ್ರಕಾರ ವರ್ಷಕ್ಕೆ ಕನಿಷ್ಠ 21 ದಿನ ಪಗಾರದ ರಜೆ. ಒಬ್ಬನೇ ಮಾಲೀಕನ ಹತ್ತಿರ ಸತತ ಐದು ವರ್ಷ ದುಡಿದರೆ ಅದು 30 ಆಗುತ್ತದೆ. ಹಾಗಾಗಿ ಮೂರು ವರ್ಷದವನಿಗೆ ತಿಂಗಳು ತುಂಬಲು ಒಂಬತ್ತು ದಿನ ಕಡಿಮೆ. ಪಕ್ಕದ ದುಬೈಯಲ್ಲಿ ಇದ್ದಿದ್ದರೆ ಈ ಪಂಚಾಯಿತಿಯೇ ಇರುತ್ತಿರಲಿಲ್ಲ. ಅಲ್ಲಿನ 2021ರ ಕಾನೂನು ಒಂದು ವರ್ಷ ಮುಗಿಸಿದವನಿಗೇ 30 ದಿನ ಕೊಡುತ್ತದೆ.

ಇಪ್ಪತ್ತೊಂದು ಎಂಬ ಅಂಕಿ ಕಂಡದ್ದೇ ನನ್ನ ಹಳೆಯ ಚಟ ಎದ್ದು ಕೂತಿತು. ರಜೆಯನ್ನು ಯಾರು ಹೇಗೆ ಎಣಿಸಿದರು ಎಂಬುದು ನನಗೆ ರಾಜರ ವಂಶಾವಳಿಗಿಂತ ರುಚಿಯಾದ ಇತಿಹಾಸ. 1936ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಪಗಾರದ ರಜೆಯ ಮೊದಲ ಒಪ್ಪಂದ ಮಾಡಿದಾಗ ವರ್ಷ ದುಡಿದವನಿಗೆ ಸಿಕ್ಕದ್ದು ಆರು ಕೆಲಸದ ದಿನ. 1970ರಲ್ಲಿ ಅದೇ ಸಂಸ್ಥೆ ಮೂರು ವಾರಕ್ಕೆ ಏರಿಸಿತು. ಸೌದಿಯ ಇಪ್ಪತ್ತೊಂದು ಆ ಮೂರು ವಾರಕ್ಕೆ ಸರಿಹೊಂದುತ್ತದೆ. ನಮ್ಮ ದೇಶದ ದಾರಿ ಬೇರೆ. 1948ರ ಕಾರ್ಖಾನೆ ಕಾಯ್ದೆ ವಾರ ಲೆಕ್ಕ ಹಿಡಿಯದೆ ದುಡಿದ ದಿನವನ್ನೇ ಹಿಡಿಯಿತು. ವರ್ಷದಲ್ಲಿ 240 ದಿನ ದುಡಿದವನಿಗೆ ಪ್ರತಿ ಇಪ್ಪತ್ತು ದಿನಕ್ಕೊಂದು ದಿನ ರಜೆ. ಇಪ್ಪತ್ತಕ್ಕೊಂದು ಎಂಬ ಇದೇ ಸೂತ್ರ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಗೂ ಬಂತು, ಅಂದರೆ ನಿಪ್ಪಾಣಿಯ ಓಣಿ ಓಣಿಗೂ ಬಂತು.

ಈ ಹುಡುಗನ ತಾಯಿ ಬೀಡಿ ಕಟ್ಟಿಯೇ ಅವನನ್ನು ಐಟಿಐ ಓದಿಸಿದಾಕೆ. ಬೀಡಿ ಕಟ್ಟುವವರಿಗೆ ದಿನಗೂಲಿ ಇಲ್ಲ, ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಹಾಗಿದ್ದರೆ ರಜೆಯ ಒಂದು ದಿನದ ಬೆಲೆ ಎಷ್ಟು? ಕಾಯ್ದೆ ಅದಕ್ಕೂ ಉತ್ತರ ಕೊಟ್ಟಿತ್ತು. ರಜೆಗೆ ಹೋಗುವ ಹಿಂದಿನ ತಿಂಗಳು ದುಡಿದ ದಿನಗಳಲ್ಲಿ ದಿನಕ್ಕೆ ಸರಾಸರಿ ಎಷ್ಟು ಬಂತೋ ಅದೇ ರಜೆಯ ದಿನದ ಪಗಾರ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಆ ತಿಂಗಳು ಕಂತ್ರಾಟದಾರ ಎಲೆ, ತಂಬಾಕು ಕಡಿಮೆ ಕೊಟ್ಟಿದ್ದರೆ ದಿನದ ಬೀಡಿ ಕಡಿಮೆ, ಸರಾಸರಿ ಕಡಿಮೆ, ರಜೆಯ ಪಗಾರವೂ ಕಡಿಮೆ. ಯಾವ ತಿಂಗಳಾದ ಮೇಲೆ ರಜೆ ತೆಗೆದುಕೊಂಡರು ಎಂಬುದರ ಮೇಲೆ ಒಂದೇ ಕೈಗಳ ಒಂದೇ ದಿನಕ್ಕೆ ಬೇರೆ ಬೇರೆ ಬೆಲೆ. ತಿಂಗಳ ಪಗಾರದ ಮಗನಿಗೆ ಈ ಕಾಟವಿಲ್ಲ. ಅವನದು 2,400 ರಿಯಾಲ್. ಮೂವತ್ತರಿಂದ ಭಾಗಿಸಿದರೆ ದಿನಕ್ಕೆ 80.

ಎಣಿಕೆಯ ಇನ್ನೊಂದು ಸೊಗಸು ಹೇಳದೆ ಬಿಡಲಾರೆ. ನಮ್ಮ ಕಾರ್ಖಾನೆ ಕಾಯ್ದೆಯಲ್ಲಿ ರಜೆಯ ನಡುವೆ ಬಂದ ವಾರದ ಸೂಟಿ, ಹಬ್ಬದ ಸೂಟಿ ರಜೆಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಸೌದಿಯಲ್ಲಿ ಶುಕ್ರವಾರ ಒಳಗೇ ಸೇರುತ್ತದೆ, ಆದರೆ ಈದ್ ಸೂಟಿ ನಡುವೆ ಬಿದ್ದರೆ ರಜೆ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ. ದುಬೈಯಲ್ಲಿ ಕರಾರಿನಲ್ಲಿ ಬೇರೆ ಹೇಳದಿದ್ದರೆ ಹಬ್ಬವೂ ರಜೆಯ ಹೊಟ್ಟೆಗೇ. ಹಾಗಾಗಿ ಮೂವತ್ತು ಎಲ್ಲ ಕಡೆ ಮೂವತ್ತಲ್ಲ.

ಇದನ್ನೆಲ್ಲ ಹುರುಪಿನಿಂದ ಅವನ ತಾಯಿಗೆ ವಿವರಿಸುತ್ತ ಕೂತಿದ್ದೆ. ಆಕೆ ಸಮಾಧಾನದಿಂದ ಕೇಳಿ, ‘ಅದೆಲ್ಲಾ ಖರೇರಿ. ಅವಾ ಎಂದ ಬರ್ತಾನ? ಬೀಗರು ಮುಹೂರ್ತ ಹಿಡೀರಿ ಅಂತ ಕುಂತಾರ’ ಅಂದರು.

ಅಲ್ಲಿಯವರೆಗೆ ನಾನು ಬೆನ್ನಟ್ಟಿದ್ದು ಎಷ್ಟು ದಿನ ಎಂಬುದನ್ನು. ಕೇಳಬೇಕಿದ್ದದ್ದು ಯಾವ ದಿನ ಎಂದು. 21 ದಿನ ಕೆಲಸಗಾರನ ಹಕ್ಕು ನಿಜ, ಆದರೆ ಅದು ಯಾವಾಗ ಎಂದು ಗೊತ್ತು ಮಾಡುವ ಅಧಿಕಾರ ಅದೇ 109ನೇ ಕಲಮಿನಲ್ಲಿ ಮಾಲೀಕನ ಕೈಯಲ್ಲಿದೆ. ಕೆಲಸದ ಅನುಕೂಲ ನೋಡಿ, ಸರದಿಯ ಮೇಲೆ ಕೊಡಬಹುದು. ಕನಿಷ್ಠ ಮೂವತ್ತು ದಿನ ಮೊದಲು ತಿಳಿಸಬೇಕು. ಕೆಲಸದ ಒತ್ತಡವಿದ್ದರೆ 90 ದಿನದವರೆಗೆ ಮುಂದೂಡಲೂಬಹುದು. ತುಳಸಿ ಲಗ್ನ ಮುಗಿದ ಮೇಲಿನ ಮುಹೂರ್ತ ತೊಂಬತ್ತು ದಿನ ಕಾಯುವುದಿಲ್ಲ. ತಾರೀಕಿಲ್ಲದ ಅರ್ಜಿ ಬರೆದವನು, ತನ್ನ ತಂಗಿಯ ಲಗ್ನದ ಪಂಚಾಂಗವನ್ನು ದಮಾಮ್‌ನ ಮ್ಯಾನೇಜರನ ಕೈಗೇ ಕೊಟ್ಟಂತೆ.

ಆಮೇಲೆ ಅರ್ಜಿ ಹೊಸದಾಗಿ ಬರೆದೆವು. ಮೊದಲ ಸಾಲಿನಲ್ಲೇ ತಾರೀಕು: ನವೆಂಬರ್ 10ರಿಂದ 30ರವರೆಗೆ ವಾರ್ಷಿಕ ರಜೆ 21 ದಿನ, ಡಿಸೆಂಬರ್ 1ರಿಂದ 9ರವರೆಗೆ ಪಗಾರವಿಲ್ಲದ ರಜೆ 9 ದಿನ, ಡಿಸೆಂಬರ್ 10ಕ್ಕೆ ಕೆಲಸಕ್ಕೆ ಹಾಜರು. ಎರಡನೆಯ ಸಾಲಿನಲ್ಲಿ ಕಾರಣ, ತಂಗಿಯ ಲಗ್ನ. ಮೂರನೆಯದರಲ್ಲಿ ತನ್ನ ಗಿರಾಕಿಗಳ ಕೆಲಸವನ್ನು ಆ ತಿಂಗಳು ನೋಡಿಕೊಳ್ಳಲು ಒಪ್ಪಿದ ಜೊತೆಗಾರನ ಹೆಸರು. ದಮಾಮ್‌ನಲ್ಲಿ ನವೆಂಬರ್ ಎಂದರೆ ಏಸಿಯ ಕೆಲಸ ಇಳಿಯುವ ಕಾಲ, ಅದನ್ನೂ ಅರ್ಧ ವಾಕ್ಯದಲ್ಲಿ ಸೇರಿಸಿದೆವು. ಜೂನ್ ಜುಲೈಯಲ್ಲಿ ಇದೇ ಅರ್ಜಿ ಹಾಕಿದ್ದರೆ ಎಷ್ಟು ‘ದಯವಿಟ್ಟು’ ಬರೆದರೂ ಕೆಲಸಕ್ಕೆ ಬರುತ್ತಿರಲಿಲ್ಲ.

ಒಂದು ತಿಂಗಳ ರಜೆ ಎಂದು ಒಟ್ಟಾಗಿ ಬರೆಯದೆ ಎರಡು ತುಂಡಾಗಿ ಬರೆದದ್ದಕ್ಕೆ ಕಾರಣವಿದೆ. ಮ್ಯಾನೇಜರ್ ಬಾಯಲ್ಲಿ ‘ಹೋಗಿ ಬಾ’ ಅನ್ನುತ್ತಾನೆ. ಕಚೇರಿಯ ದಾಖಲೆಯಲ್ಲಿ 21 ದಿನಕ್ಕೆ ಮಾತ್ರ ಮಂಜೂರಾತಿ ಇದ್ದರೆ ಉಳಿದ ಒಂಬತ್ತು ದಿನ ಗೈರುಹಾಜರಿ ಎಂದು ಬೀಳುತ್ತದೆ. ಎರಡರಲ್ಲೂ ಪಗಾರ ಕಟ್ ಆಗುತ್ತದೆ, ಪಗಾರದ ಚೀಟಿ ನೋಡಿದರೆ ಭೇದವೇ ಕಾಣದು. ಆದರೆ 80ನೇ ಕಲಮಿನ ಪ್ರಕಾರ ಸಕಾರಣವಿಲ್ಲದೆ ಸತತ ಹದಿನೈದು ದಿನಕ್ಕಿಂತ ಹೆಚ್ಚು ಗೈರಾದವನನ್ನು, ಹತ್ತು ದಿನವಾದ ಮೇಲೆ ಲಿಖಿತ ಎಚ್ಚರಿಕೆ ಕೊಟ್ಟು, ಕೆಲಸದಿಂದ ತೆಗೆಯಬಹುದು. ಒಂಬತ್ತು ದಿನ ಆ ಗೆರೆಯೊಳಗೇ ಇದೆ. ಲಗ್ನದ ಮನೆಯಲ್ಲಿ ಜ್ವರ ಬಂದೋ ಟಿಕೆಟ್ ತಪ್ಪಿಯೋ ಇನ್ನೊಂದು ವಾರ ಎಳೆದರೆ ಗೆರೆ ದಾಟುತ್ತದೆ. ಮಂಜೂರಾದ ಪಗಾರವಿಲ್ಲದ ರಜೆಗೆ ಆ ಭಯವಿಲ್ಲ. 116ನೇ ಕಲಮು ಅದನ್ನು ಮಾಲೀಕನ ಒಪ್ಪಿಗೆಗೆ ಬಿಟ್ಟಿದೆ, ಮತ್ತು ಅದು ಇಪ್ಪತ್ತು ದಿನ ಮೀರಿದರೆ ಮಾತ್ರ, ಮೀರಿದಷ್ಟು ದಿನ ಕರಾರು ಅಮಾನತಿನಲ್ಲಿದೆ ಎಂದು ಎಣಿಸುತ್ತದೆ. ಒಂಬತ್ತರಿಂದ ಅವನ ಸೇವೆಯ ಲೆಕ್ಕಕ್ಕೆ ಧಕ್ಕೆ ಇಲ್ಲ. ಮಂಜೂರಾತಿ ಪತ್ರದಲ್ಲಿ ಎರಡೂ ತುಂಡು, ನಾಲ್ಕೂ ತಾರೀಕು ಕಾಣದೆ ಟಿಕೆಟ್ ತೆಗೆಯಬೇಡ ಅಂದೆ.

ಅವನಿಗೆ ಇನ್ನೊಂದು ನಂಬಿಕೆ ಇತ್ತು. ‘ರೀ-ಎಂಟ್ರಿ ನಾನ ಅಬ್ಶರ್‌ದಾಗ ತಗೋತೇನ್ರಿ, ಈಗ ಕಂಪನಿ ಕೇಳೂ ಹಂಗಿಲ್ಲ’ ಅಂದ. 2021ರ ಮಾರ್ಚ್ 14ರಿಂದ ಬಂದ ಸುಧಾರಣೆ ಅದು, ಒಳ್ಳೆಯದೇ. ಆದರೆ ದೇಶದಿಂದ ಹೊರಬೀಳುವ ಪರವಾನಗಿ ಕೆಲಸದಿಂದ ದೂರವಿರುವ ಪರವಾನಗಿಯಲ್ಲ. ರೀ-ಎಂಟ್ರಿ ಕೈಯಲ್ಲಿಟ್ಟುಕೊಂಡು ಹೊರಟವನೂ ಕಂಪನಿಯ ಹಾಜರಿಯಲ್ಲಿ ಗೈರೇ. ರೀ-ಎಂಟ್ರಿ ತೆಗೆಯುವಾಗ ಮೂವತ್ತೇ ದಿನಕ್ಕೆ ತೆಗೆಯುವ ಜಿಪುಣತನವೂ ಬೇಡ. ಎರಡು ತಿಂಗಳವರೆಗೆ ಶುಲ್ಕ ಒಂದೇ, 200 ರಿಯಾಲ್, ಅದನ್ನೂ 40ನೇ ಕಲಮಿನಂತೆ ಮಾಲೀಕನೇ ಭರಿಸಬೇಕು. ಅರವತ್ತು ದಿನಕ್ಕೆ ತೆಗೆದರೆ ವಿಮಾನ ರದ್ದಾದರೂ ನಿದ್ದೆ ಬರುತ್ತದೆ. ಇಕಾಮಾದ ಮುದ್ದತು ಅಷ್ಟರೊಳಗೆ ಮುಗಿಯುತ್ತದೆಯೋ ಎಂದು ಮಾತ್ರ ಮೊದಲು ನೋಡಿಕೊಳ್ಳಬೇಕು.

ಇಷ್ಟಾಗಿ ಅವನಿಗೆ ಮನೆಯಲ್ಲಿ ಸಿಗುವುದೆಷ್ಟು? 10ಕ್ಕೆ ಹೊರಟು, ಮುಂಬೈಯಿಂದ ರಾತ್ರಿ ಬಸ್ಸು ಹಿಡಿದು 11ರ ಬೆಳಿಗ್ಗೆ ನಿಪ್ಪಾಣಿ. ಡಿಸೆಂಬರ್ 8ರ ರಾತ್ರಿ ಮತ್ತೆ ಬಸ್ಸು, 9ಕ್ಕೆ ವಿಮಾನ. ಇಪ್ಪತ್ತೆಂಟು ದಿನ. ಬರೇ ಇಪ್ಪತ್ತೊಂದರ ಮೇಲೆ ಬಂದಿದ್ದರೆ ಹತ್ತೊಂಬತ್ತು. ಮುಹೂರ್ತ ನವೆಂಬರ್ ಕೊನೆಯ ವಾರದಲ್ಲೇ ಹಿಡಿಯಿರಿ ಎಂದು ತಾಯಿಗೆ ಹೇಳಿದೆ. ಕಂಪನಿ ಒಂಬತ್ತು ದಿನಕ್ಕೆ ಒಲ್ಲೆ ಎಂದರೂ ಲಗ್ನ ಹಕ್ಕಿನ ದಿನಗಳ ಒಳಗೇ ಬೀಳಬೇಕು. ಮರ್ಜಿಯ ದಿನಗಳು ಬೀಗರೂಟಕ್ಕೆ, ತಂಗಿಯನ್ನು ಮೊದಲ ಸಲ ಕರೆತರುವುದಕ್ಕೆ ಇರಲಿ. ‘ಹಂಗಾದ್ರ ಬೀಗರಿಗೆ ಇವತ್ತ ಹೇಳ್ತೀನ್ರಿ’ ಅಂದರು ಆಕೆ.

ರೊಕ್ಕದ ಲೆಕ್ಕವನ್ನು ಆಕೆಯೇ ಬಿಡಿಸಿ ಕೇಳಿದರು. ವಾರ್ಷಿಕ ರಜೆಯ ಪಗಾರ ಹೊರಡುವ ಮೊದಲೇ ಕೊಡಬೇಕು ಎಂದು ಅಲ್ಲಿನ ಕಾನೂನು. 80ರಂತೆ 21 ದಿನಕ್ಕೆ 1,680 ರಿಯಾಲ್ ಕೈಯಲ್ಲಿ ಬರುತ್ತದೆ. ನವೆಂಬರಿನ ಮೊದಲ ಒಂಬತ್ತು ದಿನ ದುಡಿದ 720 ತಿಂಗಳ ಕೊನೆಗೆ. ಹಾಗಾಗಿ ಲಗ್ನದ ಹೊತ್ತಿಗೆ ಕೊರತೆ ಕಾಣುವುದಿಲ್ಲ. ಕಾಣುವುದು ಡಿಸೆಂಬರಿನ ಪಗಾರದಲ್ಲಿ. ಅದರಲ್ಲಿ 720 ಕಳೆದು 1,680 ಮಾತ್ರ ಬರುತ್ತದೆ, ಅದೂ ಮಂಟಪದವ, ಅಡುಗೆಯವ, ಬಂಗಾರದ ಅಂಗಡಿಯವ ಬಾಕಿ ಕೇಳುತ್ತ ಬಾಗಿಲಿಗೆ ಬರುವ ಹೊತ್ತಿಗೆ. ಬಂಗಾರದ ಅಂಗಡಿಯ ಕಂತನ್ನು ಜನವರಿಯ ಬದಲು ಫೆಬ್ರವರಿಯಿಂದ ಶುರು ಮಾಡಿಸಿಕೊಳ್ಳಿ ಎಂದೆ. ಚೀಟಿಯಲ್ಲಿ 800 ಕಟ್ಟಾಗಿದ್ದರೆ, ಹಾಜರಾದ 10ನೇ ತಾರೀಕನ್ನೂ ಯಾರೋ ಗೈರು ಹಾಕಿದ್ದಾರೆ ಎಂದರ್ಥ. ಅದಕ್ಕೇ ಬಂದ ದಿನವೇ ಹಾಜರಾತಿ ಫಾರ್ಮಿಗೆ ಸಹಿ ಮಾಡಿಸಿ ಒಂದು ಫೋಟೋ ತೆಗೆದಿಟ್ಟುಕೋ ಎಂದು ಹುಡುಗನಿಗೆ ಹೇಳಿದ್ದೇನೆ.